2.5 ಮೀಟರ್ ದಪ್ಪದ ರಾಫ್ಟ್, ಪುಣೆಯ ಏಪ್ರಿಲ್ ಬಿಸಿಲು: ಯಾವ ಕ್ರಮದಲ್ಲಿ ಸುರಿಯೋದು, ಹೇಗೆ ತಣಿಸೋದು?

ಸೈಟ್ ಶಿವು, ವಾಕಡ

ಎಲ್ಲರಿಗೂ ನಮಸ್ಕಾರ. ಒಂದು ಟವರ್‌ನ ಅಡಿಪಾಯದ ರಾಫ್ಟ್ ಇದೆ. ಉದ್ದ 30 ಮೀಟರ್, ಅಗಲ 24, ದಪ್ಪ 2.5. ಒಟ್ಟು 1800 ಕ್ಯೂಬಿಕ್ ಮೀಟರ್, ಎಂ40. ಕೆಳಗೆ ಕಪ್ಪು ಬಂಡೆ, ಅದರ ಮೇಲೆ ಪಿಸಿಸಿ ಮತ್ತು ವಾಟರ್‌ಪ್ರೂಫಿಂಗ್ ಮೆಂಬ್ರೇನ್. ಏಪ್ರಿಲ್ ಎರಡನೇ ವಾರ ಕಾಂಕ್ರೀಟ್ ಹಾಕಬೇಕು. ಪ್ಲಾಂಟ್‌ನವರು ಕೊಟ್ಟಿರುವ ಮಿಕ್ಸ್‌ನಲ್ಲಿ ಸಿಮೆಂಟು ಮತ್ತು ಸ್ಲ್ಯಾಗ್ ಸೇರಿ ಕ್ಯೂಬಿಕ್ ಮೀಟರಿಗೆ 420 ಕೆ.ಜಿ., ಅರ್ಧಕ್ಕರ್ಧ. ಸ್ಪೆಸಿಫಿಕೇಶನ್‌ನಲ್ಲಿ ಎರಡೇ ಸಾಲು ಇದೆ: ಒಳಗಿನ ಗರಿಷ್ಠ ತಾಪಮಾನ 70 ಡಿಗ್ರಿ ದಾಟಬಾರದು, ನಡುಭಾಗಕ್ಕೂ ಮೇಲ್ಮೈಗೂ 20 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಅದನ್ನು ಸಾಧಿಸುವ ಬಗೆ ನಮಗೇ ಬಿಟ್ಟಿದ್ದಾರೆ. ಒಂದೇ ಸಲ ಹಾಕಬೇಕೋ, ತುಂಡು ತುಂಡಾಗಿಯೋ? ಐಸ್ ಬೇಕೇ? ಪೈಪ್ ಕೂಲಿಂಗ್ ಬೇಕೇ?

ಶೆಟ್ಟಿ ಡೊಂಬಿವಲಿ

ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ ಮಾರಾಯ್ರೆ. ಅರ್ಧ ಸ್ಲ್ಯಾಗ್ ಹಾಕಿದ್ರೆ ಬಿಸಿಯೂ ಅರ್ಧ. ರಾಫ್ಟನ್ನು ನಾಲ್ಕು ಬೇ ಮಾಡಿ ಚದುರಂಗದ ಮನೆ ಹಾಗೆ ಎದುರುಬದುರು ಮೂಲೆಯ ಎರಡು ಮೊದಲು ಹಾಕಿ. ಒಂದು ವಾರ ಬಿಟ್ಟು ಉಳಿದ ಎರಡು. ಮೇಲೆ ಒಡ್ಡು ಕಟ್ಟಿ ತಣ್ಣೀರು ನಿಲ್ಲಿಸಿದರೆ ಮುಗೀತು. ತಣ್ಣೀರಿಗಿಂತ ಒಳ್ಳೆ ಕೂಲಿಂಗ್ ಯಾವುದಿದೆ?

ಮಡಗಾಂವ್ ಸುಮಾ

ನಮ್ಮ ಮನೆಯ ತಾರಸಿ ಸ್ಲ್ಯಾಬಿಗೂ ಹೀಗೇ ಆಗಿದೆ. ಬೆಳಿಗ್ಗೆ ಹಾಕಿದ್ದು, ಮಧ್ಯಾಹ್ನಕ್ಕೇ ಮೇಲೆ ಉದ್ದುದ್ದ ಬಿರುಕು. 5 ಇಂಚು ದಪ್ಪ. ಸಿಮೆಂಟಿನ ಬಿಸಿಗೇ ಬಿರಿದದ್ದು ಅಂತ ಮೇಸ್ತ್ರಿ ಹೇಳ್ತಾರೆ. ಐಸ್ ಹಾಕಿದ್ದರೆ ತಪ್ಪುತ್ತಿತ್ತೇ?

ಹಿರೇಮಠ, ಚೆಂಬೂರು

ಸುಮಾ ಅವರ, ನಿಮ್ದು ಬೇರೆ ರೋಗ. 5 ಇಂಚಿನ ಸ್ಲ್ಯಾಬಿನಾಗ ಬಿಸಿ ಒಳಗ ಉಳಿಯೂದೇ ಇಲ್ಲ, ಹುಟ್ಟಿದಷ್ಟೂ ಹೊರಗ ಹೋಗ್ತದ. ಹಾಕಿದ ಕೆಲವೇ ತಾಸಿನಾಗ ಬಂದ ಬಿರುಕು ಅಂದ್ರ ಬಿಸಿಲು ಗಾಳಿಗೆ ಮೇಲಿನ ನೀರು ಆರಿಹೋಗಿ ಬಂದದ್ದು. ಫಿನಿಶ್ ಮಾಡಿದ ಕೂಡ್ಲೆ ಪ್ಲಾಸ್ಟಿಕ್ ಹಾಳಿ ಹೊದಿಸಿದ್ರ ಬರ್ತಿರ್ಲಿಲ್ಲ. ರಾಫ್ಟಿನ ಥರ್ಮಲ್ ಬಿರುಕು ಎರಡು ದಿನಕ್ಕ ಮೊದಲು ಸಾಮಾನ್ಯವಾಗಿ ಕಾಣೂದಿಲ್ಲ.

ಈಗ ಶಿವು ಅವರ ಲೆಕ್ಕ. ಮೊದಲು ಬಿಸಿ ಎಷ್ಟು ಏರ್ತದ ನೋಡ್ರಿ. ಓಪಿಸಿ ಸಿಮೆಂಟು 100 ಕೆ.ಜಿ.ಗೆ ಸುಮಾರು 12 ಡಿಗ್ರಿ ಅಂತ ಹಿಡೀರಿ. 2.5 ಮೀಟರ್ ದಪ್ಪದಾಗ ನಟ್ಟನಡುವಿನ ಕಾಂಕ್ರೀಟಿಗೆ ಹೊರಗಿನ ಗಾಳಿ ಹೆಚ್ಚುಕಡಿಮಿ ತಟ್ಟೂದೇ ಇಲ್ಲ, ಹಿಂಗಾಗಿ ಆ ಏರಿಕೆ ಪೂರ್ತಿ ಅಲ್ಲೇ ಕೂಡ್ತದ. ಶೆಟ್ರು ಹೇಳಿದ ಅರ್ಧ ಸ್ಲ್ಯಾಗಿಗೆ ಅರ್ಧ ಬಿಸಿ ಅನ್ನೂದು ತೆಳು ಗೋಡೆಗೆ ಒಂದಿಷ್ಟು ನಡೀತದ, ಯಾಕಂದ್ರ ಸ್ಲ್ಯಾಗ್ ನಿಧಾನ, ಅಷ್ಟ್ರಾಗ ಬಿಸಿ ಹೊರಗ ಹೋಗಿರ್ತದ. ದಪ್ಪ ರಾಫ್ಟಿನಾಗ ಹೋಗ್ಲಿಕ್ಕೆ ದಾರಿನೇ ಇಲ್ಲ, ನಿಧಾನ ಆದ್ರೂ ಬಿಸಿ ಒಳಗೇ ಉಳೀತದ. 50 ಪರ್ಸೆಂಟ್ ಸ್ಲ್ಯಾಗ್ ಇದ್ರ ಪ್ರತಿ ಕೆ.ಜಿ. ಸ್ಲ್ಯಾಗನ್ನ 0.9 ಕೆ.ಜಿ. ಸಿಮೆಂಟಿನ ಸಮ ಅಂತ ಹಿಡಿಯೂದು ರೂಢಿ. 210 ಕೆ.ಜಿ. ಸಿಮೆಂಟಿಗೆ 189 ಕೂಡಿಸ್ರಿ, 399. ಅಂದ್ರ 48 ಡಿಗ್ರಿ ಏರಿಕೆ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿಯ ಕಾಂಕ್ರೀಟ್ ಸುರಿದ್ರಿ ಅಂದ್ರ ನಡುವ 85. ಸ್ಪೆಸಿಫಿಕೇಶನ್ ಅಲ್ಲೇ ಹರಿದುಹೋಯ್ತು.

70ರ ಮಿತಿ ಬಿರುಕಿಗಿಂತ ಮುಖ್ಯವಾಗಿ ಎಟ್ರಿಂಗೈಟ್ ಅನ್ನೂ ಹರಳಿನ ಸಲುವಾಗಿ. ಅದಕ್ಕಿಂತ ಬಿಸಿ ಕಂಡ ಕಾಂಕ್ರೀಟಿನಾಗ ಎಟ್ರಿಂಗೈಟ್ ಆಗ ಕೂಡೂದಿಲ್ಲ, ವರ್ಷಗಟ್ಟಲೆ ಆದಮ್ಯಾಲ ತೇವ ಸಿಕ್ಕಾಗ ಕೂಡಿ ಒಳಗಿಂದ ಉಬ್ಬಿಸ್ತದ. ನೆಲದೊಳಗಿನ ರಾಫ್ಟಿಗೆ ತೇವಕ್ಕ ಏನ್ ಕಡಿಮಿ.

ಪ್ಲಾಂಟ್ ಪ್ರಕಾಶ, ನವಿ ಮುಂಬೈ

ಆ 0.9 ಅನ್ನೋ ಅಂಕಿಯನ್ನು ದೇವರ ವಾಕ್ಯ ಅಂತ ನಾನು ಒಪ್ಪಲ್ಲ. ಸ್ಲ್ಯಾಗು ಎಷ್ಟು ನುಣುಪು, ಸಿಮೆಂಟ್ ಯಾವ ಬ್ಯಾಚಿನದು ಅನ್ನೋದರ ಮೇಲೆ ಸಾಕಷ್ಟು ಹಿಂದೆಮುಂದೆ ಆಗುತ್ತೆ. 70 ಪರ್ಸೆಂಟ್ ಸ್ಲ್ಯಾಗ್‌ಗೆ ಹೋದರೆ ಬಿಸಿ ಇಳಿಯೋದಂತೂ ಖರೆ. ಆದರೆ ಅರ್ಧ ಆಗಲ್ಲ ಅನ್ನೋ ಮಾತು ಸರಿ. ವಾದಕ್ಕಿಂತ ಮಾಕಪ್ ಮಾಡಿ. 1.5 ಮೀಟರ್ ಘನದ ಒಂದು ಬ್ಲಾಕ್, ಕೆಳಗೆ, ಮೇಲೆ, ನಾಲ್ಕೂ ಬದಿಗೆ 150 ಮಿ.ಮೀ. ಥರ್ಮಕೋಲ್, ನಡುವೆ ಒಂದು ಥರ್ಮೋಕಪಲ್. ಅದೇ ಪ್ಲಾಂಟಿನ, ಅದೇ ಮಿಕ್ಸ್. ನಾಲ್ಕೈದು ದಿನದಲ್ಲಿ ನಿಮ್ಮ ಮಿಕ್ಸ್‌ನ ಏರಿಕೆ ಎಷ್ಟು ಅಂತ ಕಣ್ಣಿಗೆ ಕಾಣುತ್ತೆ. ಥರ್ಮಕೋಲ್ ಹಾಳೆಗಳ ನಡುವೆ ಸಂದು ಬಿಟ್ಟರೆ ಮಾತ್ರ ಓದು ಕಡಿಮೆ ತೋರಿಸಿ ಮೋಸ ಮಾಡುತ್ತೆ, ಟೇಪ್ ಹಾಕಿ ಮುಚ್ಚಿ.

ಸೈಟ್ ಶಿವು, ವಾಕಡ

85 ಅಂತ ನೋಡಿ ಗಾಬರಿಯಾಯ್ತು. ಹಾಗಾದರೆ ಐಸ್ ಹಾಕದೇ ವಿಧಿಯಿಲ್ಲ ಅಲ್ವಾ ಸರ್?

ಹಿರೇಮಠ, ಚೆಂಬೂರು

ಐಸ್ ಎರಡನೇ ಮಾತು. ಮೊದಲು ಸಿಮೆಂಟು ಇಳಸ್ರಿ. ರಾಫ್ಟಿನ ಮ್ಯಾಲ ಪೂರ್ತಿ ಭಾರ ಬರೂದು ತಿಂಗಳುಗಟ್ಟಲೆ ಆದಮ್ಯಾಲ, 28 ದಿನಕ್ಕೇ 40ರ ಸ್ಟ್ರೆಂತ್ ಯಾಕ ಬೇಕು? ಡಿಸೈನರ್ ಕಡೆಯಿಂದ 56 ದಿನದ ಸ್ಟ್ರೆಂತ್‌ಗೆ ಬರವಣಿಗೆಯೊಳಗ ಒಪ್ಪಿಗಿ ತಗೋರಿ. ಹಂಗಾದ್ರ ಫ್ಲೈ ಆ್ಯಶ್ 35 ಪರ್ಸೆಂಟ್ ಇಟ್ಟು ಒಟ್ಟು 360 ಕೆ.ಜಿ.ಗೆ ಇಳಿಸಿ ಟ್ರಯಲ್ ಮಾಡಬಹುದು. ಐಎಸ್ 456 ಒಳಗ ಫ್ಲೈ ಆ್ಯಶ್ 35ರ ತನಕ ನಡೀತದ. ಫ್ಲೈ ಆ್ಯಶ್ ಬಿಸಿಯೊಳಗ ಸಿಮೆಂಟಿನ ಅರ್ಧ ಅಂತ ಹಿಡೀರಿ: 234 ಕೆ.ಜಿ. ಸಿಮೆಂಟಿಗೆ 63 ಕೂಡಿದ್ರ 297. ಏರಿಕೆ 36 ಡಿಗ್ರಿಗೆ ಬಂತು. 12 ಡಿಗ್ರಿ ಕಾಗದದ ಮ್ಯಾಲೇ ಉಳೀತು, ಒಂದು ಕೆ.ಜಿ. ಐಸ್ ಕರಗಿಸದೇ.

36 ಏರಿ 70ರ ಕೆಳಗ ಇರಬೇಕು ಅಂದ್ರ ಸುರಿಯುವಾಗ 34 ಮೀರಬಾರದು. ನಾನಾದ್ರ 30 ಅಂತ ಬರೀತೀನಿ, ಪಂಪಿನ ಬಾಯಿಯೊಳಗ, ಪ್ಲಾಂಟಿನಾಗ ಅಲ್ಲ.

ಪ್ಲಾಂಟ್ ಪ್ರಕಾಶ, ನವಿ ಮುಂಬೈ

ಪಂಪಿನ ಬಾಯಲ್ಲಿ 30 ಅಂದರೆ ಪ್ಲಾಂಟಿನಿಂದ 26-27ಕ್ಕೆ ಹೊರಡಬೇಕು. ದಾರಿಯಲ್ಲಿ, ಪೈಪ್‌ಲೈನಿನಲ್ಲಿ ಸೇರಿ ಮೂರು ಡಿಗ್ರಿ ಏರೋದು ಸಾಮಾನ್ಯ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಇನ್ನೂ ಹೆಚ್ಚು.

ಮಿಕ್ಸ್‌ನ ತಾಪಮಾನ ಜಲ್ಲಿ, ಮರಳಿನ ಕೈಯಲ್ಲಿದೆ, ಯಾಕಂದ್ರೆ ತೂಕದಲ್ಲಿ ಮುಕ್ಕಾಲು ಪಾಲು ಅದೇ. ಜಲ್ಲಿ 32 ಡಿಗ್ರಿ, ಸಿಮೆಂಟು 55, ನೀರು 28 ಅಂತಿಟ್ಟುಕೊಂಡರೆ ಮಿಕ್ಸ್ ಸುಮಾರು 34ಕ್ಕೆ ಬರುತ್ತೆ. ನೀರನ್ನು 5 ಡಿಗ್ರಿಗೆ ಚಿಲ್ ಮಾಡಿದರೆ 4 ಡಿಗ್ರಿ ಇಳಿಯುತ್ತೆ, ಅಷ್ಟೇ. ಜಲ್ಲಿಯ ತೇವದಲ್ಲಿ ಬರೋ ನೀರನ್ನು ಚಿಲ್ ಮಾಡೋಕೆ ಆಗಲ್ಲವಲ್ಲ. ಆ ಚಿಲ್ಡ್ ನೀರಿನಲ್ಲಿ 30 ಕೆ.ಜಿ. ತೆಗೆದು ಅಷ್ಟೇ ತೂಕದ ಐಸ್ ಹಾಕಿದರೆ ಮತ್ತೆ 4 ಡಿಗ್ರಿ. ಕರಗೋ ಬಿಸಿಯೇ ಐಸ್‌ನ ಬಲ, ಕೆ.ಜಿ.ಗೆ 335 ಕಿಲೋಜೌಲ್ ನುಂಗುತ್ತೆ.

ಆದರೆ ಒಂದು ಗುಣಾಕಾರ ಮಾಡಿ ನೋಡಿ. 1800 ಕ್ಯೂಬಿಕ್ ಮೀಟರ್‌ಗೆ 30 ಕೆ.ಜಿ.ಯಂತೆ 54 ಟನ್ ಐಸ್. ಮೊದಲಿನ 420ರ ಮಿಕ್ಸ್ ಇಟ್ಟುಕೊಂಡಿದ್ದರೆ ಸಾಧ್ಯವಿದ್ದಷ್ಟೂ ಐಸ್ ತುರುಕಿದರೂ 70ರ ಒಳಗೆ ಬರೋದು ಅನುಮಾನ. ಹಿರೇಮಠರು ಸಿಮೆಂಟಿನ ಮಾತು ಮೊದಲು ಎತ್ತಿದ್ದು ಅದಕ್ಕೇ. ಫ್ಲೇಕ್ ಐಸ್ ಯಂತ್ರ ಇಲ್ಲದ ಪ್ಲಾಂಟ್‌ನವರು ಗಡ್ಡೆ ಐಸ್ ಒಡೆದು ಹಾಕ್ತಾರೆ. ದಪ್ಪ ಚೂರು ಮಿಕ್ಸರ್‌ನಲ್ಲಿ ಪೂರ್ತಿ ಕರಗದೇ ಟ್ರಕ್ಕಿಗೆ ಹೋದರೆ, ಕಾಂಕ್ರೀಟಿನೊಳಗೆ ಕರಗಿ ಅಲ್ಲೊಂದು ಪೊಳ್ಳು, ಅದರ ಸುತ್ತ ನೀರು ಹೆಚ್ಚಾದ ಮೆತ್ತನೆ ಜಾಗ. ಸೈಟಿನಲ್ಲಿ ಚ್ಯೂಟ್ ಮೇಲೆ ಬಿಳಿ ಚೂರು ಕಂಡರೆ ಆ ಟ್ರಕ್ ನಿಲ್ಲಿಸಿ, ಡ್ರಮ್ ಇನ್ನಷ್ಟು ತಿರುಗಿಸಿ ಆಮೇಲೆ ಇಳಿಸಿಕೊಳ್ಳಿ.

ಖರ್ಚಿಲ್ಲದ ಕೆಲಸ ಅಂದರೆ ಜಲ್ಲಿ ರಾಶಿಗೆ ನೆರಳು ಮಾಡೋದು, ನೀರು ಚಿಮುಕಿಸೋದು. ಜಲ್ಲಿ ಎರಡು ಡಿಗ್ರಿ ತಣ್ಣಗಾದರೆ ಕಾಂಕ್ರೀಟ್ ಒಂದು ಡಿಗ್ರಿಗಿಂತ ಜಾಸ್ತಿ ಇಳಿಯುತ್ತೆ. ತೇವಕ್ಕೆ ತಕ್ಕಂತೆ ನೀರು ಕಡಿಮೆ ಮಾಡೋದು ಮರೀಬೇಡಿ.

ರೇಖಾ ಡಿಸೈನ್, ಪುಣೆ

ಸುರಿಯುವ ಕ್ರಮದ ಬಗ್ಗೆ ಹೇಳ್ತೀನಿ. ಶೆಟ್ಟರ ಚದುರಂಗ ಪದ್ಧತಿ ಹಳೆಯ ನಂಬಿಕೆ, ಮೊದಲ ಬೇಗಳು ವಾರದಲ್ಲಿ ಕುಗ್ಗಿ ಮುಗಿದಿರುತ್ತವೆ ಅನ್ನೋ ಲೆಕ್ಕ. 2.5 ಮೀಟರ್ ದಪ್ಪದ್ದು ಒಂದು ವಾರದಲ್ಲಿ ತಣಿಯೋದೇ ಇಲ್ಲ. ಮೇಲಾಗಿ, ನಡುವೆ ಆಮೇಲೆ ತುಂಬುವ ಬೇ ತಣಿದು ಕುಗ್ಗುವಾಗ ಎರಡು ಪಕ್ಕದಲ್ಲಿ ಗಟ್ಟಿಯಾದ ಕಾಂಕ್ರೀಟು ಅದನ್ನು ಹಿಡಿದಿರುತ್ತೆ, ಕೆಳಗಿಂದ ನೆಲವೂ ಹಿಡಿದಿರುತ್ತೆ. ಕುಗ್ಗೋಕೆ ಜಾಗವಿಲ್ಲದೆ ಅದೇ ಬಿರಿಯುತ್ತೆ. ತುಂಡು ಮಾಡಲೇಬೇಕಾದರೆ ಒಂದರ ಪಕ್ಕ ಇನ್ನೊಂದು, ಸಾಲಾಗಿ, ಆದಷ್ಟು ಬೇಗ. ಆಗ ಹೊಸದಕ್ಕೆ ಒಂದು ತುದಿಯಾದರೂ ಬಿಡುವಾಗಿರುತ್ತೆ, ಹಳೆಯದೂ ಇನ್ನೂ ಬೆಚ್ಚಗಿರುತ್ತೆ.

ಎತ್ತರದಲ್ಲಿ ಎರಡು ಪದರ ಮಾಡೋಣ, 1.25 ಮತ್ತು 1.25 ಅನ್ನೋ ಸಲಹೆಯೂ ಬರುತ್ತೆ. ಒಳಗಿನ ಬಿಸಿ ಕಡಿಮೆಯಾಗೋದು ನಿಜ. ಆದರೆ ಕೆಳಗಿನದು ತಣಿದು ಗಟ್ಟಿಯಾದ ಮೇಲೆ ಮೇಲಿನದು ಕುಗ್ಗುವಾಗ ಅದೇ ಬಂಡೆಯ ಹಾಗೆ ಹಿಡಿಯುತ್ತೆ. ನಡುವಿನ ಜಾಯಿಂಟಿನಲ್ಲಿ ಶಿಯರ್ ಕಂಬಿ ಬೇಕು, ಮೇಲಿನ ಪದರದ ತಳದಲ್ಲಿ ಬಿರುಕು ತಡೆಯೋ ಕಂಬಿ ಬೇರೆ. ಶಿವು ಅವರ ಡ್ರಾಯಿಂಗಿನಲ್ಲಿ ಅದಿಲ್ಲ ಅಂದರೆ ಸೈಟಿನಲ್ಲಿ ತೀರ್ಮಾನ ಮಾಡೋ ವಿಷಯ ಅಲ್ಲ ಅದು.

1800 ಅಂದರೆ ಒಂದೇ ಸಲ ಹಾಕೋ ಗಾತ್ರವೇ.

ಸೈಟ್ ಶಿವು, ವಾಕಡ

ಮೂರು ಪಂಪ್ ಇಟ್ಟರೆ ಗಂಟೆಗೆ 60 ಸಿಗಬಹುದು ಮೇಡಂ. 30 ಗಂಟೆ. ಪೂರ್ತಿ ರಾಫ್ಟಿನ ಮೇಲೆ 400 ಮಿ.ಮೀ. ಪದರ ಪದರವಾಗಿ ಹಾಕೋದು ಅಂತ ಅಂದ್ಕೊಂಡಿದ್ವಿ.

ರೇಖಾ ಡಿಸೈನ್, ಪುಣೆ

ಹಾಗೆ ಹಾಕಿದರೆ ಒಂದು ಪದರಕ್ಕೇ ಸುಮಾರು 300 ಕ್ಯೂಬಿಕ್ ಮೀಟರ್, 5 ಗಂಟೆ. ಮೊದಲು ಹಾಕಿದ ಮೂಲೆಗೆ ಮತ್ತೆ ಬರುವಷ್ಟರಲ್ಲಿ ಅದು ಬಿಗಿಯೋಕೆ ಶುರುವಾಗಿರುತ್ತೆ. ಒಂದು ಪಂಪ್ ಕೆಟ್ಟಿತು ಅಂದರೆ ಏಳು ಗಂಟೆ ದಾಟುತ್ತೆ, ಕೋಲ್ಡ್ ಜಾಯಿಂಟ್ ಖಚಿತ.

ಮೆಟ್ಟಿಲು ಮಾಡಿ. 24 ಮೀಟರ್ ಅಗಲದ ಒಂದು ಬದಿಯಿಂದ ಶುರು. ಆರು ಪದರ, ಪ್ರತಿ ಮೆಟ್ಟಿಲು 3 ಮೀಟರ್ ಮುಂದೆ. ಒಂದು ಮೆಟ್ಟಿಲಿಗೆ ಸುಮಾರು 30 ಕ್ಯೂಬಿಕ್ ಮೀಟರ್. ಆರೂ ಮೆಟ್ಟಿಲನ್ನು ಒಂದೊಂದು ಹೆಜ್ಜೆ ಮುಂದಕ್ಕೆ ತರೋಕೆ 180, ಅಂದರೆ 3 ಗಂಟೆ. ಯಾವ ಜಾಗವೂ 3 ಗಂಟೆಗಿಂತ ಹೆಚ್ಚು ಹೊತ್ತು ಬರಿದಾಗಿ ಇರಲ್ಲ. ರಿಟಾರ್ಡರ್ ಹಾಕಿ ಇನಿಶಿಯಲ್ ಸೆಟ್ ಅನ್ನು 8 ಗಂಟೆಗೆ ತಂದಿಟ್ಟರೆ ಪಂಪ್ ಕೆಟ್ಟರೂ ಸುಧಾರಿಸಿಕೊಳ್ಳೋಕೆ ಹೊತ್ತಿರುತ್ತೆ. ಆ 8 ಗಂಟೆಯನ್ನು ಲ್ಯಾಬಿನ ಎಸಿಯಲ್ಲಿ ನೋಡಬೇಡಿ, ಸೈಟಿನ ಬಿಸಿಯಲ್ಲೇ ಪರೀಕ್ಷೆ ಮಾಡಿ. ವೈಬ್ರೇಟರ್ ಸೂಜಿ ಕೆಳಗಿನ ಪದರದೊಳಗೆ ಅರ್ಧ ಅಡಿ ಇಳಿಯಬೇಕು. ಇಳಿಯದೇ ಮೇಲೇ ಕುಣಿಯುತ್ತಿದೆ ಅಂದರೆ ಹೊತ್ತು ಮೀರಿದೆ ಅಂತ ಅರ್ಥ.

ಪ್ಲಾಂಟ್ ಪ್ರಕಾಶ, ನವಿ ಮುಂಬೈ

30 ಗಂಟೆ ಅಂದರೆ ಎಲ್ಲಿಂದ ಶುರು ಮಾಡಿದರೂ ಒಂದು ಹಗಲು ಸಿಕ್ಕೇ ಸಿಗುತ್ತೆ. ಸಂಜೆ 6ಕ್ಕೆ ಶುರು ಮಾಡಿದರೆ ಎರಡು ರಾತ್ರಿ ಸಿಗುತ್ತೆ, ನಡುವಿನ ಒಂದೇ ಹಗಲು ಮೈಮೇಲೆ ಬರುತ್ತೆ. ಐಸನ್ನು ಸಮನಾಗಿ ಹಂಚಬೇಡಿ. ರಾತ್ರಿ 20 ಕೆ.ಜಿ., ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ 50. ಪ್ರತಿ ಟ್ರಕ್ಕಿಗೂ ಸೈಟಿನಲ್ಲಿ ತಾಪಮಾನ ಬರೆದಿಡಿ.

ಶೆಟ್ಟಿ ಡೊಂಬಿವಲಿ

ಸರಿ, ಚದುರಂಗ ಬಿಟ್ಟೆ. ಆದರೆ ಮೇಲೆ ನೀರು ನಿಲ್ಲಿಸೋದರಲ್ಲಿ ಏನು ತಪ್ಪು ಕಂಡ್ರಿ? ಕ್ಯೂರಿಂಗೂ ಆಯ್ತು, ತಣ್ಣಗೂ ಆಯ್ತು.

ಹಿರೇಮಠ, ಚೆಂಬೂರು

ಎಲ್ಲಾರೂ ಎಡವೂ ಜಾಗ ಇದೇ ಶೆಟ್ರ. ಮೇಲ್ಮೈಯ ಬಿರುಕು ಬಿಸಿಯಿಂದ ಬರೂದಲ್ಲ, ಒಳಗೂ ಹೊರಗೂ ಇರೂ ಅಂತರದಿಂದ ಬರ್ತದ. ನಡುವ 66 ಡಿಗ್ರಿ ಅದ ಅನ್ರಿ. ರಾತ್ರಿ ಪುಣೆಯೊಳಗ ಗಾಳಿ 22ಕ್ಕ ಇಳೀತದ, ಮೇಲ್ಮೈ ಬರಿದಿದ್ರ 35ರ ಹತ್ರ ನಿಲ್ತದ. ಅಂತರ 31. ಒಳಗಿಂದು ಹಿಗ್ಗಿ ಕೂತದ, ಹೊರಗಿನ ಚರ್ಮ ಕುಗ್ತದ, ಬಿಗಿ ಅಂಗಿ ಹೊಲಿಗಿ ಬಿಚ್ಚಿದಂಗ ಬಿಚ್ತದ. ನೀವು ಅದರ ಮ್ಯಾಲ ಬೋರಿನ ತಣ್ಣೀರು ಸುರಿದ್ರ ಚರ್ಮ ಇನ್ನಷ್ಟು ಕುಗ್ಗಿಸಿದಂಗ. ನಡುವಿನ ಬಿಸಿ ಆ ನೀರಿಗೆ ಒಂದು ಡಿಗ್ರಿನೂ ಬಗ್ಗೂದಿಲ್ಲ, 1.25 ಮೀಟರ್ ಕೆಳಗ ಕೂತದ ಅದು.

ಹಿಂಗಾಗಿ ಮೇಲ್ಮೈಯನ್ನ ತಣಿಸಬಾರದು, ಬೆಚ್ಚಗಿಡಬೇಕು. ಟ್ರೋವೆಲ್ ಹೊಡೆದು ಮುಗಿದ ಕೂಡ್ಲೆ ಪ್ಲಾಸ್ಟಿಕ್ ಹಾಳಿ, ಅದರ ಮ್ಯಾಲ 50 ಮಿ.ಮೀ. ಥರ್ಮಕೋಲ್, ಮ್ಯಾಲ ಗೋಣಿತಾಟು, ತಾಡಪತ್ರಿ, ಗಾಳಿಗೆ ಹಾರದಂಗ ಭಾರ. ತೇವ ಹಾಳಿಯ ಕೆಳಗೇ ಉಳೀತದ, ಅದೇ ಕ್ಯೂರಿಂಗ್. ಬದಿಗೆ ಪ್ಲೈ ಶಟರಿಂಗ್ ಇದ್ರ ಛಲೋ, ಸ್ಟೀಲ್ ಇದ್ರ ಹೊರಗಿಂದ ಥರ್ಮಕೋಲ್ ಹಚ್ರಿ. ಮೂರನೇ ದಿನ ಶಟರಿಂಗ್ ಬಿಚ್ಚೂದು ಅಂದ್ರ ಬಿಸಿ ಸರಿಯಾಗಿ ಏರಿದಾಗ ಹೊದಿಕಿ ಕಿತ್ತಂಗ.

ರೇಖಾ ಡಿಸೈನ್, ಪುಣೆ

ಒಂದು ಸೇರ್ಪಡೆ. 20 ಡಿಗ್ರಿ ಅನ್ನೋದು ಹೊಳೆಗಲ್ಲಿನ ಜಲ್ಲಿಯ ಕಾಂಕ್ರೀಟಿನಿಂದ ಬಂದ ಅಂಕಿ, ಅದು ಹೆಚ್ಚು ಹಿಗ್ಗುತ್ತೆ. ನಮ್ಮ ಕಡೆಯದು ಬಸಾಲ್ಟ್, ಹಿಗ್ಗೋದು ಕಡಿಮೆ. α ಅಂದರೆ ಕಾಂಕ್ರೀಟು ಡಿಗ್ರಿಗೆ ಎಷ್ಟು ಹಿಗ್ಗುತ್ತೆ ಅನ್ನೋದು, ΔT ತಾಪಮಾನದ ಅಂತರ, 0.42 ಹಿಡಿತದ ಗುಣಕ, 0.65 ಕ್ರೀಪ್‌ನದು. ಲೆಕ್ಕ ಹೀಗೆ:

```
ε = ΔT × α × 0.42 × 0.65
α = 13: 20 × 13 × 0.42 × 0.65 = 71
α = 10: 26 × 10 × 0.42 × 0.65 = 71
```

ಉತ್ತರ ಮೈಕ್ರೋಸ್ಟ್ರೇನ್‌ನಲ್ಲಿ. ಅಂದರೆ ಬಸಾಲ್ಟ್‌ಗೆ 26ರವರೆಗೂ ಅಷ್ಟೇ ಎಳೆತ. 21 ಬಂತು ಅಂತ ನಡುರಾತ್ರಿ ಹೆದರಬೇಕಿಲ್ಲ. ಹಾಗಂತ ಸ್ಪೆಸಿಫಿಕೇಶನ್ನಿನ 20 ನಿಮ್ಮಷ್ಟಕ್ಕೆ ಬದಲಾಗಲ್ಲ, ಮೊದಲೇ ಬರೆಸಿಕೊಳ್ಳಿ.

ಸೈಟ್ ಶಿವು, ವಾಕಡ

ಥರ್ಮೋಕಪಲ್ ಎಲ್ಲೆಲ್ಲಿ ಇಡಬೇಕು? ಎಷ್ಟು ದಿನ ಓದಬೇಕು?

ಹಿರೇಮಠ, ಚೆಂಬೂರು

ಮೂರು ಜಾಗ ಸಾಕು: ರಾಫ್ಟಿನ ನಡು, ಒಂದು ಬದಿಯ ನಡು, ಒಂದು ಮೂಲಿ. ಮೂಲಿ ಮರೀಬ್ಯಾಡ್ರಿ, ಅದು ಮೂರು ಕಡೆಯಿಂದ ತಣೀತದ. ಒಂದೊಂದು ಜಾಗದಾಗ ಮೇಲಿಂದ 50 ಮಿ.ಮೀ. ಕೆಳಗ ಒಂದು, ನಟ್ಟನಡುವ ಒಂದು, ತಳದಿಂದ 50 ಮಿ.ಮೀ. ಮ್ಯಾಲ ಒಂದು. ಪ್ರತಿಯೊಂದಕ್ಕೂ ಒಂದು ಜೋಡಿ ಹೆಚ್ಚಿಗಿ, ವೈಬ್ರೇಟರಿಗೆ ಸಿಕ್ಕು ಒಂದಾದ್ರೂ ಸಾಯ್ತದ. ವಯರನ್ನ ಕಂಬಿಯ ಕೆಳಮೈಗೆ ಕಟ್ರಿ, ತುದಿ ಮಾತ್ರ ಕಂಬಿಗೆ ತಾಗಬಾರದು. ಗಾಳಿಗೊಂದು, ನೆರಳಿನಾಗ.

ಮೊದಲ ಐದು ದಿನ ತಾಸಿಗೊಮ್ಮೆ. ನಡುವಿನ ಶಿಖರ ಎರಡನೇ ಮೂರನೇ ದಿನ ಬರ್ತದ. ಆಮ್ಯಾಲ ಹೊದಿಕಿಯೊಳಗ ದಿನಕ್ಕ ಸುಮಾರು 2 ಡಿಗ್ರಿ ಇಳೀತದ. ನಡುವಿನ ತಾಪಮಾನಕ್ಕೂ ರಾತ್ರಿಯ ಗಾಳಿಗೂ 20ರ ಒಳಗ ಬರೋತನಕ ಹೊದಿಕಿ ತೆಗೀಬಾರದು. 66ರಿಂದ 42ಕ್ಕ ಇಳೀಲಿಕ್ಕೆ 12 ದಿನ ಹಿಡೀರಿ. ತೆಗೆಯುವಾಗೂ ಮೊದಲು ತಾಡಪತ್ರಿ, ಮರುದಿನ ಗೋಣಿತಾಟು, ಕಡೀಕ್ಕ ಥರ್ಮಕೋಲ್, ಅದೂ ಮಧ್ಯಾಹ್ನ.

ಶೆಟ್ಟಿ ಡೊಂಬಿವಲಿ

ಇಷ್ಟು ಮಾಡೋದಕ್ಕಿಂತ ಒಳಗೆ ಪೈಪ್ ಹಾಕಿ ನೀರು ಬಿಟ್ಟರೆ ಒಳ್ಳೇದಲ್ವೋ? ಆಗ ನಡುವೇ ತಣಿಯುತ್ತದೆ.

ರೇಖಾ ಡಿಸೈನ್, ಪುಣೆ

ಈ ಸಲ ಶೆಟ್ಟರ ಮಾತಿನಲ್ಲಿ ಹುರುಳಿದೆ. ನಡುವನ್ನು ನಿಜವಾಗಿ ತಣಿಸೋದು ಅದೊಂದೇ. 25 ಮಿ.ಮೀ. ಪೈಪು, ಮೀಟರಿಗೊಂದು, ಮಧ್ಯದ ಎತ್ತರದಲ್ಲಿ. ಮಾಕಪ್‌ನಲ್ಲಿ ಏರಿಕೆ 40 ದಾಟಿದರೆ ನಾನು ಹಾಕಿಸ್ತೀನಿ.

ಹಿರೇಮಠ, ಚೆಂಬೂರು

360 ಕೆ.ಜಿ. ಮಿಕ್ಸಿಗೆ 2.5 ಮೀಟರಿನಾಗ ನಾನು ಹಾಕಿಸೂದಿಲ್ಲ. ಮೆಟ್ಟಿಲು ಮಾಡಿ ಸುರಿಯುವಾಗ ವೈಬ್ರೇಟರಿನವ್ರು ಪೈಪಿನ ಮ್ಯಾಲೇ ನಿಲ್ತಾರ, ಒಂದು ಜೋಡು ಬಿಚ್ಚಿದ್ರ ಹಸಿ ಕಾಂಕ್ರೀಟಿನೊಳಗ ನೀರು. ಚಿಲ್ಲರಿನ ನೀರು ನೇರ ಬಿಟ್ರ ಪೈಪಿನ ಸುತ್ತನೇ ಬಿರೀತದ. ನೀರು ಕಾಂಕ್ರೀಟಿಗಿಂತ 20 ಡಿಗ್ರಿಯಷ್ಟೇ ತಣ್ಣಗಿರಬೇಕು, ಅದಕ್ಕ ಟ್ಯಾಂಕಿನಾಗ ತಿರುಗಿಸಿ ತಿರುಗಿಸಿ ಬಿಡಬೇಕು, ದಿನಾ ದಿಕ್ಕು ಬದಲಿಸಬೇಕು, ಕಡೀಕ್ಕ ಗ್ರೌಟ್ ತುಂಬಬೇಕು. ಎಂ60, 4 ಮೀಟರ್ ದಪ್ಪ ಅಂದ್ರ ಬೇರೆ ಮಾತು.

ರೇಖಾ ಡಿಸೈನ್, ಪುಣೆ

ಜೋಡು ಬಿಚ್ಚೋದು ಕೆಲಸದ ತಪ್ಪು, ಪದ್ಧತಿಯ ತಪ್ಪಲ್ಲ. ಸುರಿಯೋ ಮುಂಚೆ ಒತ್ತಡ ಹಾಕಿ ನೋಡಿದರೆ ಗೊತ್ತಾಗುತ್ತೆ. ಇದರಲ್ಲಿ ನಮ್ಮಿಬ್ಬರದು ಕೂಡಲ್ಲ ಬಿಡಿ.

ಸೈಟ್ ಶಿವು, ವಾಕಡ

360ರ ಮಿಕ್ಸ್‌ಗೆ ಶನಿವಾರ ಮಾಕಪ್ ಇಟ್ಟುಕೊಂಡಿದ್ದೇವೆ. ಪೈಪಿನ ತೀರ್ಮಾನ ಆಮೇಲೆ. ಕೊನೆಯದೊಂದು: ಬಿರುಕು ಬಂದರೆ ಯಾವುದರಿಂದ ಅಂತ ಹೇಗೆ ತಿಳಿಯೋದು?

ಹಿರೇಮಠ, ಚೆಂಬೂರು

ಮೂರು ನಾಕು ದಿನಕ್ಕ ಮ್ಯಾಲಿನ ಮೈಯೊಳಗ ಜಾಲದಂಥ ಸಣ್ಣ ಬಿರುಕು ಬಂತು, ನಡು ತಣೀತಾ ಹೋದಂಗ ಅವು ಮುಚ್ಚಿಕೊಂಡ್ವು ಅಂದ್ರ ಅಂತರದ್ದು. ಆಳ ಇರೂದಿಲ್ಲ. ಎರಡು ಮೂರು ವಾರಕ್ಕ ಬದಿಯ ಮುಖದಾಗ, ಉದ್ದದ ನಡುಭಾಗದಾಗ, ತಳದಿಂದ ಮ್ಯಾಲಕ್ಕ ನೆಟ್ಟಗೆ ಎದ್ದು ದಿನಾ ಅಗಲ ಆಗೂದು ಕಂಡ್ರ ಇಡೀ ರಾಫ್ಟ್ ಕುಗ್ಗುವಾಗ ಕೆಳಗಿನ ಬಂಡೆಗಲ್ಲು ಹಿಡದದ ಅಂತ ತಿಳೀರಿ. ಮಳೆಗಾಲದಾಗ ಅದ್ರಿಂದಲೇ ನೀರು ಬರೂದು. ಅದಕ್ಕ ಹೊದಿಕಿ ಮದ್ದಲ್ಲ, ಶಿಖರ ಇಳಿಸೂದೇ ಮದ್ದು. ಪಿಸಿಸಿ ಮ್ಯಾಲ ಮೆಂಬ್ರೇನ್ ಇರೂದು ನಿಮಗ ಅನುಕೂಲ, ಒಂದಿಷ್ಟು ಜಾರ್ಲಿಕ್ಕೆ ಬಿಡ್ತದ. ಬಂಡಿಯ ಉಬ್ಬುತಗ್ಗು ಪಿಸಿಸಿಯೊಳಗ ಮುಚ್ಚಿ ಸಪಾಟಾಗಿ ಇರ್ಲಿ.

ಪ್ಲಾಂಟ್ ಪ್ರಕಾಶ, ನವಿ ಮುಂಬೈ

ಕಾಲಂ ಸ್ಟಾರ್ಟರ್ ಕಂಬಿಗಳ ಸುತ್ತ ಥರ್ಮಕೋಲ್ ಕೂರಲ್ಲ, ಅಲ್ಲಿ ಗೋಣಿಚೀಲ ತುರುಕಿ. ಇನ್ನೊಂದು, ಮೂರನೇ ದಿನ ಬೆಳಿಗ್ಗೆ ಮಾರ್ಕಿಂಗ್‌ನವರು ದಾರ ಹೊಡೆಯೋಕೆ ಬಂದು ಕಾಲಂ ಜಾಗದ ಹೊದಿಕೆ ಎತ್ತಿ ಪಕ್ಕಕ್ಕೆ ಒಟ್ಟಿಬಿಡ್ತಾರೆ. ಸರಿಯಾಗಿ ಶಿಖರದ ಹೊತ್ತಿಗೆ. ಗ್ರಿಡ್ ಗುರುತನ್ನು ಬದಿಯ ಶಟರಿಂಗ್ ಮೇಲೆ ಮೊದಲೇ ಹಾಕಿಸಿಡಿ, ಶಿಖರದಿಂದ 12 ದಿನ ಆಗೋವರೆಗೆ ಅವರಿಗೆ ರಾಫ್ಟಿನ ಮೇಲೆ ಕೆಲಸ ಇಲ್ಲ ಅಂತ ಪ್ಲಾನಿಂಗ್‌ನವರಿಗೆ ಈಗಲೇ ಹೇಳಿ.

ಸೈಟ್ ಶಿವು, ವಾಕಡ

ಪ್ಲಾನಿಂಗ್‌ನವರ ಶೆಡ್ಯೂಲಿನಲ್ಲಿ ಕಾಲಂ ಮಾರ್ಕಿಂಗ್ ಮೂರನೇ ದಿನಕ್ಕೇ ಇದೆ ಸರ್. ಈಗಲೇ ಹೋಗಿ ಮಾತಾಡ್ತೀನಿ.